ಹಣೆಯ ಬಣ್ಣ, ನೆತ್ತಿಯ ಬಣ್ಣ: ಒಂದು ಭಾವಚಿತ್ರದಲ್ಲಿ ಬೋಳುತಲೆಯ ಮರುರಚನೆ

ಯರಗೇರಾ, ರಾಯಚೂರಿನಿಂದ ಮಂತ್ರಾಲಯಕ್ಕೆ ಹೋಗುವ ರಸ್ತೆಯ ಮೇಲಿನ ಊರು. ಜಾತ್ರೆಯ ದಿನಗಳಲ್ಲಿ ಈ ಭಾಗದ ಹವ್ಯಾಸಿ ನಾಟಕದವರಿಗೆ ಕರಪತ್ರದ ಫೋಟೊ ಬೇಕಾಗುತ್ತದೆ. ಪಾತ್ರಧಾರಿ ವೇಷ ಹಾಕಿಕೊಂಡು ಸ್ಟುಡಿಯೋಕ್ಕೆ ಬರುತ್ತಾನೆ, ಫೋಟೊ ತೆಗೆಯುತ್ತಾರೆ, ರಾಯಚೂರಿನಲ್ಲಿ ಅಚ್ಚು ಹಾಕಿಸಿ ಮಾನ್ವಿ, ದೇವದುರ್ಗದವರೆಗೆ ಗೋಡೆಗೆ ಅಂಟಿಸುತ್ತಾರೆ. ಈ ಟಿಪ್ಪಣಿಗೆ ಕಾರಣವಾದದ್ದು ಅಂಥ ಒಂದು ಫೋಟೊ.

ನಾಟಕ ಅಶೋಕನ ಕಥೆ. ಅಶೋಕನ ಹೆಸರನ್ನೇ ಹೇಳುವ ಶಾಸನ 1915ರಲ್ಲಿ ಸಿಕ್ಕಿದ್ದು ನಮ್ಮ ಜಿಲ್ಲೆಯ ಮಸ್ಕಿಯಲ್ಲಿ. ಹಾಗಾಗಿ ಇಲ್ಲಿನವರಿಗೆ ಆ ಅರಸ ದೂರದವನಲ್ಲ. ಅವನಿಗೆ ಉಪದೇಶ ಕೊಡುವ ಬೌದ್ಧ ಭಿಕ್ಷುವಿನ ಪಾತ್ರ ಮಾಡುವವನಿಗೆ ಇಪ್ಪತ್ತೆಂಟು ವರ್ಷ, ತಲೆ ತುಂಬ ದಟ್ಟ ಗುಂಗುರು ಕೂದಲು. ರಂಗದ ಮೇಲೆ ರಬ್ಬರ್ ಟೊಪ್ಪಿಗೆ ಹಾಕಿಕೊಳ್ಳುತ್ತೇನೆ, ಮನೆಯಲ್ಲಿ ತಂಗಿಯ ಮದುವೆ ಇದೆ, ಈಗಲೇ ಬೋಳಿಸಿಕೊಳ್ಳಲಾರೆ ಎಂದ. ಆ ಟೊಪ್ಪಿಗೆ ಫೋಟೊಕ್ಕೆ ಆಗುವುದಿಲ್ಲ. ಕೂದಲಿನ ಮೇಲೆ ಕೂರುವ ಯಾವ ಟೊಪ್ಪಿಗೆಯಾದರೂ ತಲೆಯನ್ನು ಹಿಗ್ಗಿಸಿ ತೋರಿಸುತ್ತದೆ, ಅದರ ಅಂಚು ಹಣೆಯ ಮೇಲೆ ಗೆರೆಯಾಗಿ ಕಾಣುತ್ತದೆ. ಹತ್ತು ಮಾರು ದೂರದಿಂದ ನೋಡುವವರ ಕಣ್ಣಿಗೆ ಅದು ಬೀಳುವುದಿಲ್ಲ, ಕ್ಯಾಮರಾ ಅದನ್ನು ಬಿಡುವುದಿಲ್ಲ. ಆದ್ದರಿಂದ ಕೂದಲಿದ್ದ ಫೋಟೊವನ್ನೇ ಕಂಪ್ಯೂಟರಿನಲ್ಲಿ ತಿದ್ದಿ ಬೋಳುತಲೆ ಮಾಡಿದೆ.

ಮೂರು ತಿಂಗಳ ಮೇಲೆ ಅವನು ಹರಕೆ ತೀರಿಸಲು ತಿರುಮಲಕ್ಕೆ ಹೋಗಿ ಮುಡಿ ಕೊಟ್ಟು ಬಂದ. ನಾನು ಊಹಿಸಿ ಕಟ್ಟಿದ ತಲೆ ಮತ್ತು ಅವನ ನಿಜವಾದ ತಲೆ, ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವ ಅವಕಾಶ ಹೀಗೆ ತಾನಾಗಿ ಒದಗಿತು. ಊರಿಗೆ ಬಂದ ಮಾರನೆಯ ದಿನ ಯರಗೇರಾದ ಕಟಿಂಗ್ ಅಂಗಡಿಯಲ್ಲಿ ಮತ್ತೊಮ್ಮೆ ಕತ್ತಿ ಆಡಿಸಿಕೊಂಡು ನೇರ ಸ್ಟುಡಿಯೋಕ್ಕೆ ಬರುವಂತೆ ಕೇಳಿಕೊಂಡೆ. ತಲೆಗೂದಲು ದಿನಕ್ಕೆ ಸುಮಾರು ಮೂರನೇ ಒಂದು ಮಿಲಿಮೀಟರ್ ಬೆಳೆಯುತ್ತದೆ. ಎರಡು ದಿನ ತಡವಾದರೂ ತಲೆಯ ಬಣ್ಣ ಕಪ್ಪಿಗೆ ತಿರುಗಿ ಹೋಲಿಕೆ ಕೆಡುತ್ತದೆ. ಹಚ್ಚಿಕೊಂಡ ಗಂಧವನ್ನೂ ಪೂರ್ತಿ ತೊಳೆಯಿಸಿದೆ. ಕ್ಯಾಮರಾ, ಲೆನ್ಸ್, ಕೂರುವ ಸ್ಟೂಲು, ಎಡಗಡೆಯ ಸಾಫ್ಟ್‌ಬಾಕ್ಸ್, ಬಲಗಡೆ ಬೆಳಕು ಹಿಂದಿರುಗಿಸಲು ಇಟ್ಟ ಥರ್ಮಾಕೋಲ್ ಹಲಗೆ, ಎಲ್ಲವೂ ಮೊದಲಿದ್ದ ಜಾಗದಲ್ಲೇ ಇದ್ದವು, ಏಕೆಂದರೆ ನೆಲದ ಮೇಲೆ ಟೇಪಿನ ಗುರುತು ಉಳಿದಿತ್ತು.

ಮೊದಲು ಆಕಾರದ ವಿಷಯ. ಹೊಸಬರು ಮಾಡುವ ತಪ್ಪನ್ನೇ ನಾನೂ ಮೊದಲ ಸಲ ಮಾಡಿದೆ. ಕೂದಲಿನ ಹೊರಗೆರೆಯನ್ನೇ ತಲೆಬುರುಡೆಯ ಗೆರೆ ಎಂದುಕೊಂಡು ಅದರಿಂದ ಸ್ವಲ್ಪ ಮಾತ್ರ ಒಳಗೆ ಸರಿದು ಚರ್ಮದ ಬಣ್ಣ ತುಂಬಿದೆ. ಬಂದದ್ದು ಸೋರೆಕಾಯಿಯಂಥ ತಲೆ. ನೋಡಿದವರಿಗೆ ಎಲ್ಲಿ ತಪ್ಪಿದೆ ಎಂದು ಹೇಳಲು ಬರುವುದಿಲ್ಲ, ಮುಖ ಚಿಕ್ಕದಾಗಿದೆ ಎನ್ನುತ್ತಾರೆ. ಮುಖ ಇದ್ದಷ್ಟೇ ಇರುತ್ತದೆ, ಮೇಲಿನ ತಲೆ ಉದ್ದವಾಗಿರುತ್ತದೆ.

ಚಿತ್ರ ಬರೆಯುವವರಿಗೆಲ್ಲ ಗೊತ್ತಿರುವ ಒಂದು ಅಳತೆ ಇಲ್ಲಿ ಆಸರೆ. ವಯಸ್ಕರ ತಲೆಯಲ್ಲಿ ಕಣ್ಣುಗಳು ಹೆಚ್ಚುಕಡಿಮೆ ನಡುಮಧ್ಯದಲ್ಲಿರುತ್ತವೆ. ಗಲ್ಲದ ತುದಿಯಿಂದ ಕಣ್ಣಿಗೆ ಎಷ್ಟು ದೂರವೋ ಕಣ್ಣಿನಿಂದ ನೆತ್ತಿಗೂ ಸುಮಾರು ಅಷ್ಟೇ ದೂರ. ಈ ಫೋಟೊದಲ್ಲಿ ಗಲ್ಲದಿಂದ ಕಣ್ಣಿನ ಗೆರೆಗೆ 620 ಪಿಕ್ಸೆಲ್ ಇತ್ತು. ಕಣ್ಣಿನ ಗೆರೆಯಿಂದ ಕೂದಲಿನ ತುದಿಗೆ 790. ಅಂದರೆ 170 ಪಿಕ್ಸೆಲ್ ಬರೀ ಕೂದಲು. ಆ ಮುಖದಲ್ಲಿ ಒಂದು ಸೆಂಟಿಮೀಟರಿಗೆ ಸುಮಾರು 54 ಪಿಕ್ಸೆಲ್ ಬರುತ್ತಿದ್ದರಿಂದ ಕೂದಲಿನ ಎತ್ತರವೇ ಮೂರು ಸೆಂಟಿಮೀಟರ್. ಮೊದಲ ಸಲ ನಾನು ಇಳಿಸಿದ್ದು 60 ಪಿಕ್ಸೆಲ್ ಮಾತ್ರ.

ಎರಡನೆಯ ಸಲ ನೆತ್ತಿಯನ್ನು ಕಣ್ಣಿನ ಗೆರೆಯಿಂದ 620ಕ್ಕೆ ನಿಲ್ಲಿಸಿದೆ. ತಲೆ ಬೋಳಿಸಿದ ಮೇಲೆ ತೆಗೆದ ಫೋಟೊದಲ್ಲಿ ಅದು ನಿಜವಾಗಿ ಇದ್ದದ್ದು 590ರಲ್ಲಿ. ಮೂವತ್ತು ಪಿಕ್ಸೆಲಿನ ವ್ಯತ್ಯಾಸ, ಅಂದರೆ ಅರ್ಧ ಸೆಂಟಿಮೀಟರಿಗಿಂತ ತುಸು ಹೆಚ್ಚು. ಅವನ ನೆತ್ತಿ ಸ್ವಲ್ಪ ಚಪ್ಪಟೆ. ಅಳತೆಯ ಸೂತ್ರ ಎಲ್ಲ ತಲೆಗಳ ಸರಾಸರಿಯನ್ನು ಹೇಳುತ್ತದೆ, ಎದುರಿಗೆ ಕುಳಿತವನ ತಲೆಯನ್ನಲ್ಲ. ಈಗ ನಾನು ಸೂತ್ರವನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಮೊದಲು ಕೂದಲನ್ನು ಒದ್ದೆ ಮಾಡಿಸಿ, ಹಿಂದಕ್ಕೆ ಬಾಚಿಸಿ, ತೆಳು ಬಟ್ಟೆಯನ್ನು ಬಿಗಿಯಾಗಿ ಕಟ್ಟಿ, ಕುಳಿತ ಜಾಗದಿಂದ ಕದಲದಂತೆ ಇನ್ನೊಂದು ಫೋಟೊ ತೆಗೆದುಕೊಳ್ಳುತ್ತೇನೆ. ಅದನ್ನು ಅಸಲಿ ಫೋಟೊದ ಮೇಲೆ ಅರೆಪಾರದರ್ಶಕ ಲೇಯರ್ ಆಗಿ ಇಟ್ಟು ಕಣ್ಣಿಗೆ ಕಣ್ಣು, ಗಲ್ಲಕ್ಕೆ ಗಲ್ಲ ಕೂಡಿಸಿದರೆ ಬುರುಡೆಯ ಗೆರೆ ತಾನೇ ಕಾಣುತ್ತದೆ. ಒತ್ತಿದ ಕೂದಲಿನ ದಪ್ಪಕ್ಕೆ ಮೂರು ನಾಲ್ಕು ಮಿಲಿಮೀಟರ್ ಕಳೆದರೆ ಸಾಕು.

ಪಕ್ಕದ ಗೆರೆಯ ವಿಷಯದಲ್ಲಿ ಒಂದು ಮಾತು. ಕಣತಲೆಯಿಂದ ನೆತ್ತಿಯವರೆಗೆ ಒಂದೇ ಸಮನೆ ಒಳಗೆ ಬಾಗುವ ಗೆರೆ ಎಳೆದರೆ ತಲೆ ಮೊಟ್ಟೆಯ ಚೂಪು ತುದಿಯಂತಾಗುತ್ತದೆ. ಬುರುಡೆಯ ಅತಿ ಅಗಲವಾದ ಭಾಗ ಇರುವುದು ಕಿವಿಯ ಮೇಲೆ, ತುಸು ಹಿಂದಕ್ಕೆ. ಎದುರಿನಿಂದ ನೋಡಿದಾಗ ಗೆರೆ ಕಣತಲೆಯ ಹತ್ತಿರ ಕೊಂಚ ಒಳಗಿದ್ದು, ಕಿವಿಯ ಮೇಲೆ ಮತ್ತೆ ಹೊರಕ್ಕೆ ಉಬ್ಬಿ, ಆಮೇಲೆ ಬಾಗಬೇಕು. ಈ ಉಬ್ಬು ಬಿಟ್ಟುಹೋದರೆ ಬಣ್ಣ ಎಷ್ಟು ಚೆನ್ನಾಗಿ ತುಂಬಿದರೂ ತಲೆ ಅಂಟಿಸಿದಂತೆ ಕಾಣುತ್ತದೆ. Liquify ಉಪಕರಣದಿಂದ ಕೂದಲನ್ನೇ ಕೆಳಗೆ ಒತ್ತುವ ಅಭ್ಯಾಸ ಕೆಲವರಿಗಿದೆ. ಅದರಿಂದ ಹಣೆ ಕುಗ್ಗಿ ಹುಬ್ಬು ಅಲುಗುತ್ತದೆ. ಪೆನ್ ಟೂಲಿನಿಂದ ಗೆರೆ ಹಾಕಿಕೊಂಡು, ತಲೆಯನ್ನು ಬೇರೆ ಲೇಯರಿನಲ್ಲಿ ಹೊಸದಾಗಿಯೇ ಕಟ್ಟುವುದು ಲೇಸು. ಹಿಂದೆ ನೀಲಿ ಪರದೆ ಇದ್ದುದರಿಂದ ಕೂದಲು ಹೋದ ಜಾಗಕ್ಕೆ ಪರದೆಯನ್ನು ತುಂಬುವುದು ಕಷ್ಟವಾಗಲಿಲ್ಲ. ಹೊಸ ಅಂಚು ಮಾತ್ರ ಭುಜದ ಅಂಚಿನಷ್ಟೇ ಮೃದುವಾಗಿರಬೇಕು, ಕತ್ತರಿಯಿಂದ ಕತ್ತರಿಸಿದಂತೆ ಇರಬಾರದು.

ಎಡಗಿವಿಯ ಮೇಲ್ತುದಿ ಕೂದಲಲ್ಲಿ ಮುಚ್ಚಿಹೋಗಿತ್ತು. ಬಟ್ಟೆ ಕಟ್ಟಿದ ಫೋಟೊ ಇದ್ದಿದ್ದರೆ ಅದರಿಂದ ತೆಗೆದುಕೊಳ್ಳಬಹುದಿತ್ತು. ನಾನು ಬಲಗಿವಿಯನ್ನು ತಿರುಗಿಸಿ ಎಡಕ್ಕೆ ಹಾಕಿದ್ದೆ, ಅದರ ಬೆಳಕೂ ತಿರುಗಿ ನಿಂತಿತ್ತು.

ಈಗ ಬಣ್ಣದ ವಿಷಯಕ್ಕೆ ಬರುತ್ತೇನೆ, ಈ ಟಿಪ್ಪಣಿಯಲ್ಲಿ ಹೇಳಬೇಕಾದದ್ದು ಮುಖ್ಯವಾಗಿ ಇದೇ. ಕರಪತ್ರ ಅಚ್ಚಾಗಿ ಬಂದ ವಾರ ಮಾನ್ವಿಯ ಬಸ್ ನಿಲ್ದಾಣದ ಹತ್ತಿರ ಚಹಾದ ಅಂಗಡಿಯಲ್ಲಿ ನಿಂತಿದ್ದೆ. ಗೋಡೆಯ ಮೇಲಿನ ಭಿಕ್ಷುವನ್ನು ನೋಡಿ ಒಬ್ಬರು ಕೇಳಿದರು:

“ಈ ಬಕ್ಕತಲಿ ಹಿರಿಯಾರು ಯಾರ್ರಿ? ಯಾ ಊರಾವ್ರು?”

ಇಪ್ಪತ್ತೆಂಟರ ಹುಡುಗ ಐವತ್ತು ದಾಟಿದವನಂತೆ ಕಂಡಿದ್ದ. ಮುಖವನ್ನು ನಾನು ಮುಟ್ಟಿರಲಿಲ್ಲ. ಸುಕ್ಕಿಲ್ಲ, ಕಣ್ಣು ಹುಡುಗನ ಕಣ್ಣೇ. ವಯಸ್ಸು ಬಂದದ್ದು ತಲೆಯಿಂದ. ಅದು ಬೋಳಿಸಿದ ತಲೆಯಾಗಿ ಕಾಣದೆ ಕೂದಲುದುರಿದ ತಲೆಯಾಗಿ ಕಂಡಿತ್ತು. ಈ ಎರಡರ ನಡುವಿನ ಅಂತರವೇನು ಎಂಬ ಪ್ರಶ್ನೆಯನ್ನು ನಾನು ಅಲ್ಲಿಯವರೆಗೆ ಕೇಳಿಕೊಂಡೇ ಇರಲಿಲ್ಲ.

ಎಲ್ಲರೂ ಮಾಡುವಂತೆ ನಾನು ಹಣೆಯ ಚರ್ಮವನ್ನು ಕ್ಲೋನ್ ಮಾಡಿ ನೆತ್ತಿಯವರೆಗೆ ಹಬ್ಬಿಸಿದ್ದೆ. ಹಣೆ ಹತ್ತಿರದಲ್ಲೇ ಇದೆ, ಒಂದೇ ಮನುಷ್ಯನ ಚರ್ಮ, ಒಂದೇ ಬೆಳಕು, ಆದ್ದರಿಂದ ಸರಿಹೋಗಬೇಕು ಎಂಬ ಲೆಕ್ಕ. ಆದರೆ ನಮ್ಮ ಕಡೆಯ ಹಣೆ ವರ್ಷದ ಬಹುಪಾಲು ಬಿಸಿಲು ಕಂಡ ಹಣೆ. ಬೇಸಿಗೆಯಲ್ಲಿ ರಾಯಚೂರಿನಲ್ಲಿ 40 ಡಿಗ್ರಿ ದಾಟುವುದು ಹೊಸದಲ್ಲ, ಹೊಲದಲ್ಲಿ ದುಡಿಯುವ ಹುಡುಗನ ಹಣೆ ಕಂದಿರುತ್ತದೆ. ಅದರಿಂದ ಎರಡು ಬೆರಳು ಮೇಲಕ್ಕೆ, ಕೂದಲ ನೆರಳಲ್ಲಿರುವ ಚರ್ಮ ಬಿಸಿಲನ್ನೇ ಕಂಡಿರುವುದಿಲ್ಲ, ತಿಳಿಯಾಗಿರುತ್ತದೆ. ಇದು ಒಂದು. ಇನ್ನೊಂದು ಏನೆಂದರೆ, ಕತ್ತಿ ಚರ್ಮದ ಮಟ್ಟದವರೆಗೆ ಮಾತ್ರ ಕೂದಲನ್ನು ತೆಗೆಯುತ್ತದೆ. ಚರ್ಮದೊಳಗಿನ ಕೂದಲು ಅಲ್ಲೇ ಉಳಿದು, ತೆಳು ಚರ್ಮದ ಮೂಲಕ ಕಾಣುತ್ತದೆ. ಕಪ್ಪು ಕೂದಲು ಚರ್ಮದಡಿಯಿಂದ ಕಂಡಾಗ ಕಪ್ಪಾಗಿ ಕಾಣದೆ ಬೂದಿ ಬೆರೆತ ನೀಲಿಯಾಗಿ ಕಾಣುತ್ತದೆ. ಗಡ್ಡ ಬೋಳಿಸಿದ ಗಲ್ಲದ ಮೇಲೆ ದಿನಾ ನೋಡುವುದೂ ಇದನ್ನೇ.

ಎರಡನೆಯ ಫೋಟೊದ ದಿನ ಕಟಿಂಗ್ ಅಂಗಡಿಯಲ್ಲಿ ಕತ್ತಿ ಒರೆಸುತ್ತಾ ಅಂಗಡಿಯವರು ನನಗೆ ಇದನ್ನು ತೋರಿಸಿಕೊಟ್ಟರು. “ಇಲ್ಲಿ ನೋಡ್ರಿ ಸರ, ಬೋಳಿಸಿದ ತಲಿ ಹಸರ್‌ಹಸರ ಕಾಣತದ. ಹಣಿ ಬಣ್ಣ ಬ್ಯಾರೆ, ಇದು ಬ್ಯಾರೆ. ಒಂದ ಆಗಂಗಿಲ್ರಿ,” ಎಂದು ಕೂದಲಂಚು ಇದ್ದ ಜಾಗದ ಮೇಲೆ ಬೆರಳು ಓಡಿಸಿದರು. ಬೆರಳಿನ ಕೆಳಗೆ ಕಂದು ಮುಗಿದು ಹಸುರು ಮಿಶ್ರಿತ ಬೂದು ಶುರುವಾಗುವ ಜಾಗ ಸ್ಪಷ್ಟವಾಗಿತ್ತು. ಅದು ಗೆರೆಯಲ್ಲ, ಒಂದು ಬೆರಳಗಲದ ಪಟ್ಟಿಯಲ್ಲಿ ಒಂದು ಬಣ್ಣ ಇನ್ನೊಂದರೊಳಗೆ ಕರಗುತ್ತಿತ್ತು. ಅವರು ಹಸಿರು ಎಂದದ್ದನ್ನು ನಾನು ನೀಲಿ ಬೂದಿ ಎನ್ನುತ್ತಿದ್ದೇನೆ. ನೀಲಿ ಬೂದಿ ನಮ್ಮ ಕಂದು ಚರ್ಮದೊಡನೆ ಬೆರೆತಾಗ ಕಣ್ಣಿಗೆ ಹಸಿರಿನ ಕಡೆಗೇ ವಾಲುತ್ತದೆ, ಅವರ ಮಾತು ಸರಿ.

ಫೋಟೊದಲ್ಲಿ ಅಳೆದಾಗಲೂ ಇದೇ ಕಂಡಿತು. ಹೊಳಪಾಗಲಿ ನೆರಳಾಗಲಿ ಇಲ್ಲದ ಹತ್ತು ಜಾಗ ಆರಿಸಿ ಸರಾಸರಿ ತೆಗೆದೆ. ಹಣೆಯಲ್ಲಿ ಕೆಂಪು 168, ಹಸಿರು 122, ನೀಲಿ 96. ಬೋಳಿಸಿದ ತಲೆಯಲ್ಲಿ ಕೆಂಪು 164, ಹಸಿರು 133, ನೀಲಿ 114. ಕೆಂಪು ಹೆಚ್ಚುಕಡಿಮೆ ಅಷ್ಟೇ ಇದೆ, ಹಸಿರು ಮತ್ತು ನೀಲಿ ಮೇಲೇರಿವೆ. ಅಂದರೆ ತಲೆ ಹಣೆಗಿಂತ ತುಸು ತಿಳಿ, ಆದರೆ ಬಣ್ಣ ಬತ್ತಿದ ತಿಳಿ. ಈ ಅಂಕಿಗಳು ಆ ಒಬ್ಬನವು, ಆ ಬೆಳಕಿನವು. ಬೇರೆ ಮುಖಕ್ಕೆ ಇವನ್ನೇ ಹಾಕಿದರೆ ತಪ್ಪಾಗುತ್ತದೆ. ಯಾವ ಕಡೆಗೆ ಬದಲಾಗುತ್ತದೆ ಎಂಬುದಷ್ಟನ್ನು ಇವುಗಳಿಂದ ತೆಗೆದುಕೊಳ್ಳಬಹುದು.

ಕೂದಲು ತಾನಾಗಿ ಉದುರಿ ಬಕ್ಕತಲೆಯಾದವರ ಸ್ಥಿತಿ ಬೇರೆ. ಅವರ ನೆತ್ತಿ ವರ್ಷಗಟ್ಟಲೆ ಬಿಸಿಲಿಗೆ ತೆರೆದಿರುತ್ತದೆ, ಹಣೆಯಷ್ಟೇ ಕಂದಿರುತ್ತದೆ. ಚರ್ಮದಡಿ ಕಪ್ಪು ಕೂದಲಿನ ಬುಡ ಇಲ್ಲದ್ದರಿಂದ ನೀಲಿ ನೆರಳೂ ಇಲ್ಲ. ಹಣೆಯ ಬಣ್ಣ ಎಲ್ಲೂ ತುಂಡಾಗದೆ ನೆತ್ತಿಗೆ ಹರಿಯುತ್ತದೆ. ಕಿವಿಗಳ ಮೇಲೆ ಮತ್ತು ಹಿಂದಲೆಯಲ್ಲಿ ಮಾತ್ರ ಕುದುರೆ ಲಾಳದ ಆಕಾರದಲ್ಲಿ ಕೂದಲು ನಿಲ್ಲುತ್ತದೆ. ನಾನು ಹಣೆಯನ್ನು ಮೇಲಕ್ಕೆ ಹಬ್ಬಿಸಿದಾಗ ತಿಳಿಯದೆ ಕಟ್ಟಿದ್ದು ಅಂಥ ತಲೆಯನ್ನು. ಚಹಾದಂಗಡಿಯಲ್ಲಿ ಕೇಳಿದವರ ಕಣ್ಣು ತಪ್ಪಲಿಲ್ಲ. ವಯಸ್ಸಾದ ಪಾತ್ರಕ್ಕಾಗಿದ್ದರೆ ಅದೇ ಕೆಲಸ ಸರಿಯಾಗಿರುತ್ತಿತ್ತು.

ಮೂರನೆಯ ಸಲ, ಈಗ ನಿಜವಾದ ತಲೆ ಎದುರಿಗಿರುವಾಗ, ಮೊದಲಿನ ಫೋಟೊವನ್ನೇ ತೆರೆದು ಮತ್ತೆ ಮಾಡಿದೆ. ಹಣೆಯಿಂದ ತಂದ ಚರ್ಮವನ್ನು ಬುಡದ ಲೇಯರ್ ಆಗಿ ಇಟ್ಟೆ, ಆದರೆ ಹಣೆಯ ಅಡ್ಡ ಗೆರೆಗಳು ನೆತ್ತಿಗೆ ಬಾರದಂತೆ ಅಳಿಸಿದೆ. ಅದರ ಮೇಲೊಂದು ಲೇಯರಿನಲ್ಲಿ ತಲೆಯ ಭಾಗವನ್ನಷ್ಟೇ ತಿಳಿ ಮಾಡಿ ಬಣ್ಣದ ಗಾಢತೆ ಇಳಿಸಿದೆ. ಮೂರನೆಯದರಲ್ಲಿ ನೀಲಿ ಬೂದು ತುಂಬಿ Multiply ಇಟ್ಟು 15 ಪ್ರತಿಶತಕ್ಕೆ ಇಳಿಸಿದೆ. ಇದರ ಮಾಸ್ಕಿನ ಅಂಚೇ ಕೂದಲಂಚು. ಒಂದು ಬೆರಳಗಲದಷ್ಟು, ಅಂದರೆ ಸುಮಾರು 80 ಪಿಕ್ಸೆಲ್ ಕರಗುವಂತೆ, ಅಲ್ಲಲ್ಲಿ ಏರಿಳಿಯುವಂತೆ ಕೈಯಿಂದಲೇ ಬಳಿದೆ. ನೇರ ಗೆರೆಯಾದರೆ ಟೊಪ್ಪಿಗೆಯ ಅಂಚಿನಂತೆ ಕಾಣುತ್ತದೆ, ಯಾವ ದೋಷದಿಂದ ತಪ್ಪಿಸಿಕೊಳ್ಳಲು ಹೊರಟಿದ್ದೆವೋ ಅದೇ ಮತ್ತೆ ಬಂದಂತಾಗುತ್ತದೆ. ಕಣತಲೆಯ ಕೆಳಗೆ, ಕಿವಿಯ ಮುಂದೆ ಮತ್ತು ಕುತ್ತಿಗೆಯ ಹಿಂದೆಯೂ ಈ ನೆರಳು ಇಳಿಯಬೇಕು. ಮೇಲ್ತಲೆಗಷ್ಟೇ ಹಾಕಿ ಬಿಡುವವರೇ ಹೆಚ್ಚು.

ಹತ್ತಿರದಿಂದ ನೋಡುವ ಫೋಟೊಕ್ಕೆ ಕೂದಲ ಬುಡದ ಚುಕ್ಕಿಗಳೂ ಬೇಕು. Add Noise ಒತ್ತಿ ಬಿಟ್ಟರೆ ಮರಳು ಎರಚಿದಂತಾಗುತ್ತದೆ, ಯಾಕೆಂದರೆ ಅದರ ಕಣ ಒಂದೊಂದು ಪಿಕ್ಸೆಲಿಗೂ ಬೀಳುತ್ತದೆ. ತಲೆಗೂದಲು ಒಂದೊಂದೇ ಹುಟ್ಟದೆ ಎರಡು ಮೂರರ ಗುಂಪಾಗಿ ಹುಟ್ಟುತ್ತದೆ. ಒಂದು ಚದರ ಸೆಂಟಿಮೀಟರಿನಲ್ಲಿ ಅಂಥ ಗುಂಪುಗಳು ಎಪ್ಪತ್ತರ ಆಸುಪಾಸು ಎಂದಿಟ್ಟುಕೊಂಡರೆ, ನಮ್ಮ ಫೋಟೊದ 54 ಪಿಕ್ಸೆಲಿನ ಸೆಂಟಿಮೀಟರಿನಲ್ಲಿ ಎರಡು ಚುಕ್ಕಿಗಳ ನಡುವೆ ಆರು ಏಳು ಪಿಕ್ಸೆಲ್ ಅಂತರ ಬರುತ್ತದೆ. ಆದ್ದರಿಂದ ಚುಕ್ಕಿಗಳನ್ನು ಬೇರೆ ಫೈಲಿನಲ್ಲಿ ಮಾಡಿಕೊಂಡು ಆ ಅಂತರಕ್ಕೆ ಹಿಗ್ಗಿಸಿ, ಸ್ವಲ್ಪ ಮಸುಕು ಮಾಡಿ ತಂದು ಕೂರಿಸಬೇಕು. ತಲೆಯ ಅಂಚಿನ ಕಡೆ ಮೇಲ್ಮೈ ನಮ್ಮಿಂದ ಆಚೆಗೆ ತಿರುಗುವುದರಿಂದ ಅಲ್ಲಿ ಚುಕ್ಕಿಗಳು ಒತ್ತೊತ್ತಾಗಬೇಕು. ಕರಪತ್ರದಲ್ಲಿ ನಾಲ್ಕು ಸೆಂಟಿಮೀಟರಿನ ತಲೆಗೆ ಇಷ್ಟು ಶ್ರಮ ಬೇಡ, ಅಚ್ಚಿನಲ್ಲಿ ಚುಕ್ಕಿ ಉಳಿಯುವುದಿಲ್ಲ, ಬಣ್ಣವಷ್ಟೇ ಉಳಿಯುತ್ತದೆ. ಆಳೆತ್ತರದ ಫ್ಲೆಕ್ಸ್ ಆದರೆ ಬೇಕೇ ಬೇಕು.

ನೆರಳು ಬೆಳಕಿನಲ್ಲಿ ನಾನು ಮಾಡಿದ್ದ ತಪ್ಪು ಎರಡು. ಗುಂಗುರು ಕೂದಲು ಹಣೆಯ ಮೇಲ್ಭಾಗಕ್ಕೆ ಚೆಲ್ಲಿದ್ದ ನೆರಳನ್ನು ಹಾಗೇ ಬಿಟ್ಟಿದ್ದೆ. ಕೂದಲಿಲ್ಲ, ನೆರಳು ಮಾತ್ರ ಇದೆ. ಇದು ಕಣ್ಣಿಗೆ ತಟ್ಟನೆ ಕಾಣದಿದ್ದರೂ ತಲೆಯ ಮೇಲೆ ಏನೋ ಇದ್ದಂತೆ ಅನಿಸುತ್ತಲೇ ಇರುತ್ತದೆ. ಇನ್ನೊಂದು, ಬೋಳುತಲೆ ಹೊಳೆಯಬೇಕು ಎಂಬ ಆಸೆಯಿಂದ ನೆತ್ತಿಯ ಮೇಲೆ ದುಂಡಗೆ ಒಂದು ಬಿಳಿ ಹೊಳಪು ಇಟ್ಟಿದ್ದೆ. ಆದರೆ ಅಸಲಿ ಫೋಟೊದಲ್ಲಿ ಎಡ ಹುಬ್ಬಿನ ಮೇಲೆ ಆಗಲೇ ಒಂದು ಹೊಳಪಿತ್ತು. ಅದು ಕೂದಲಂಚಿನವರೆಗೆ ಬಂದು ತುಂಡಾಗಿತ್ತು. ಹಣೆ ಮತ್ತು ನೆತ್ತಿ ಒಂದೇ ಉಬ್ಬಿನ ಎರಡು ಭಾಗ. ಒಂದು ದೀಪಕ್ಕೆ ಅಂಥ ಉಬ್ಬಿನ ಮೇಲೆ ಸಾಮಾನ್ಯವಾಗಿ ಒಂದೇ ಹೊಳಪು ಮೂಡುತ್ತದೆ. ಬೋಳಿಸಿದ ಮೇಲಿನ ಫೋಟೊದಲ್ಲಿ ಹಣೆಯ ಅದೇ ಹೊಳಪು ಮೇಲಕ್ಕೆ ನೀಳವಾಗಿ ಹರಿದು, ಎರಡು ಬೆರಳಿನಷ್ಟು ದಾಟಿ ಮಂಕಾಗಿ ಮುಗಿದಿತ್ತು. ನೆತ್ತಿಯ ಮೇಲೆ ಬೇರೆ ಹೊಳಪು ಇರಲಿಲ್ಲ. ಬಲಗಡೆ, ಥರ್ಮಾಕೋಲಿನ ಬೆಳಕು ಬೀಳುವ ಅಂಚಿಗಿಂತ ಸ್ವಲ್ಪ ಒಳಗೆ, ತಲೆಯ ಅತಿ ದಟ್ಟ ನೆರಳು ಉದ್ದಕ್ಕೆ ಇಳಿದಿತ್ತು. ಅಂಚು ಅದಕ್ಕಿಂತ ತಿಳಿ. ನಾನು ಅಂಚನ್ನೇ ಅತಿ ಕಪ್ಪು ಮಾಡಿದ್ದೆ, ಅದರಿಂದ ತಲೆ ದುಂಡಗಾಗದೆ ತಟ್ಟೆಯಂತೆ ಕಂಡಿತ್ತು.

ಈ ತಪ್ಪುಗಳನ್ನು ಪತ್ತೆ ಮಾಡಲು ನಾನು ಈಗ ಎರಡು ಸಲ ನೋಡುತ್ತೇನೆ. ಚಿತ್ರವನ್ನು ಕಪ್ಪುಬಿಳುಪು ಮಾಡಿ ಹೆಬ್ಬೆರಳಿನ ಉಗುರಿನಷ್ಟು ಚಿಕ್ಕದಾಗಿಸಿದಾಗ ಆಕಾರ ಮತ್ತು ನೆರಳಿನ ದೋಷ ಎದ್ದು ಕಾಣುತ್ತದೆ. ಬಣ್ಣದ ದೋಷಕ್ಕೆ ಅದು ನೆರವಾಗದು. ಅದಕ್ಕೆ ಮುಖವನ್ನು ಕೈಯಿಂದ ಮುಚ್ಚಿ ತಲೆಯನ್ನಷ್ಟೇ ನೋಡಿ, ಇದು ಎಷ್ಟು ವಯಸ್ಸಿನವರ ತಲೆ ಎಂದು ಕೆಲಸ ಮಾಡದ ಇನ್ನೊಬ್ಬರನ್ನು ಕೇಳಬೇಕು. ಮಾಡಿದವರ ಕಣ್ಣು ತನ್ನ ಕೆಲಸಕ್ಕೆ ಒಗ್ಗಿಹೋಗಿರುತ್ತದೆ.

ಕರಪತ್ರ ಹೊರಬಂದಾಗ ನಾನು ಎಣಿಸದಿದ್ದ ಇನ್ನೊಂದು ಸಂಗತಿ ಎದುರಾಯಿತು. ನಮ್ಮ ಕಡೆ ಹಲವು ಮನೆತನಗಳಲ್ಲಿ ತಂದೆ ತೀರಿಕೊಂಡಾಗ ಮಗ ತಲೆ ಬೋಳಿಸಿಕೊಳ್ಳುತ್ತಾನೆ. ಹುಡುಗನ ತಾಯಿ ಕರಪತ್ರವನ್ನು ಕೈಯಲ್ಲಿ ಹಿಡಿದು ಬಂದು, “ಅವರಪ್ಪ ಗಟ್ಟಿಮುಟ್ಟ ಅದಾರ್ರಿ ಸರ. ಹಿಂಗ ತಲಿ ಬೋಳಿಸಿ ಊರಿಗೆಲ್ಲಾ ತೋರಿಸಿದ್ರ ಮಂದಿ ಏನ ಅನ್ಕೋಬೇಕ್ರಿ?” ಎಂದರು. ಅವರು ಹೇಳಿದ್ದು ನ್ಯಾಯ. ನಾನು ಭಿಕ್ಷುವಿನ ಮುಖವನ್ನಷ್ಟೇ ಹತ್ತಿರದಿಂದ ಕತ್ತರಿಸಿ ಹಾಕಿದ್ದೆ, ಕಾವಿ ಕಾಣುತ್ತಿರಲಿಲ್ಲ. ಎರಡನೆಯ ಮುದ್ರಣದಲ್ಲಿ ಎದೆಯವರೆಗೆ ಬಿಟ್ಟು ಕಾವಿ ಕಾಣುವಂತೆ ಮಾಡಿ, ಕೆಳಗೆ ಪಾತ್ರದ ಹೆಸರು ಹಾಕಿಸಿದೆವು. ಅಂದಿನಿಂದ ಯಾರ ತಲೆಯನ್ನು ಹೀಗೆ ತಿದ್ದಬೇಕಾದರೂ ಅವರನ್ನಷ್ಟೇ ಅಲ್ಲ, ಮನೆಯವರನ್ನೂ ಮೊದಲೇ ಕೇಳುತ್ತೇನೆ.

ಆಕಾರ, ಬಣ್ಣ, ನೆರಳು ಮೂರನ್ನೂ ಸರಿಪಡಿಸಿದ ಮೇಲೆ ಮೂರನೆಯ ಸಲದ ಚಿತ್ರ ನಿಜವಾದ ಫೋಟೊದ ಪಕ್ಕದಲ್ಲಿ ಚೆನ್ನಾಗಿಯೇ ನಿಂತಿತು. ಒಂದು ಮಾತ್ರ ಹೊಂದಲಿಲ್ಲ. ನಿಜವಾದ ತಲೆಯಲ್ಲಿ, ಎಡಗಡೆ ಕೂದಲಂಚಿನಿಂದ ನಾಲ್ಕು ಬೆರಳು ಮೇಲೆ, ಒಂದು ಹೆಬ್ಬೆರಳು ಉದ್ದದ ಗಾಯದ ಗುರುತಿತ್ತು. ಅಲ್ಲಿ ಕೂದಲ ಬುಡವಿಲ್ಲದ್ದರಿಂದ ನೀಲಿ ನೆರಳಿನ ನಡುವೆ ಅದು ಬೆಳ್ಳಗೆ ಕಾಣುತ್ತಿತ್ತು. ಚಿಕ್ಕವನಿದ್ದಾಗ ಬಾವಿಕಟ್ಟೆಯಿಂದ ಬಿದ್ದದ್ದಂತೆ, ತಲೆಯ ಮೇಲೆ ಅಂಥದೊಂದು ಇದೆ ಎಂಬುದು ಅವನಿಗೇ ಮರೆತುಹೋಗಿತ್ತು, ತಾಯಿಗೆ ನೆನಪಿತ್ತು. ಕೂದಲಿರುವ ಫೋಟೊದಿಂದ ಇದನ್ನು ಯಾವ ಅಳತೆಯೂ ಹೇಳಲಾರದು. ಈಗ ಒದ್ದೆ ಕೂದಲಿಗೆ ಬಟ್ಟೆ ಕಟ್ಟುವ ಮೊದಲು ಬೆರಳುಗಳಿಂದ ತಲೆಯನ್ನು ಮೆಲ್ಲಗೆ ತಡವಿ, ತಗ್ಗು ಉಬ್ಬು ಗಾಯಗಳ ಜಾಗವನ್ನು ಚೀಟಿಯಲ್ಲಿ ಬರೆದುಕೊಳ್ಳುತ್ತೇನೆ.